ಸೀಸನ್ ದರ ಏರಿಸಿದೆವು, ಆರು ವರ್ಷ ತಪ್ಪದೆ ಬಂದವರು ಬರಲಿಲ್ಲ: ಈ ಡಿಸೆಂಬರಿಗೆ ಏನು ಮಾಡಲಿ?

ಶಿರಿಯಾ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಕುಂಬಳೆಯಿಂದ ಸ್ವಲ್ಪ ಒಳಗೆ, ಅಡಕೆ ತೋಟದ ನಡುವೆ ಇರುವ ನಮ್ಮ ಹಳೆಯ ಮನೆಯಲ್ಲಿ ಮೂರು ಕೊಠಡಿಗಳನ್ನು ಹೋಂಸ್ಟೇ ಮಾಡಿ ಎಂಟು ವರ್ಷಗಳಾದವು. ಅನಂತಪುರ ಕ್ಷೇತ್ರ ಹತ್ತಿರವಿದೆ, ಬೇಕಲ ಕೋಟೆಗೆ ಸುಮಾರು 30 ಕಿ.ಮೀ. ಬೆಳಗಿನ ತಿಂಡಿ ಸೇರಿ ಕೊಠಡಿಗೆ ಸಾಮಾನ್ಯ ದಿನಗಳಲ್ಲಿ 2,500 ರೂಪಾಯಿ. ಡಿಸೆಂಬರ್ ಕೊನೆಯ ವಾರದಲ್ಲಿ 2,800 ತೆಗೆದುಕೊಳ್ಳುತ್ತಿದ್ದೆವು. ಕಳೆದ ವರ್ಷ ಸುತ್ತಮುತ್ತಲಿನವರ ದರ ನೋಡಿ ಆ ವಾರಕ್ಕೆ 4,000 ಮಾಡಿದೆವು.

ಮೈಸೂರು ಕಡೆಯ ಒಂದು ಕುಟುಂಬ ಆರು ವರ್ಷಗಳಿಂದ ಕ್ರಿಸ್ಮಸ್ ರಜೆಗೆ ತಪ್ಪದೆ ಬರುತ್ತಿತ್ತು. ಅವರ ಮಗಳು ಮೊದಲ ಸಲ ಬಂದಾಗ ಮೂರನೇ ತರಗತಿ. ಪ್ರತಿ ವರ್ಷ ಮೂಲೆಯ ಕೊಠಡಿಯ ದಾರಂದಕ್ಕೆ ಬೆನ್ನು ಒತ್ತಿ ನಿಂತು, ನಮ್ಮ ಯಜಮಾನರಿಂದ ಪೆನ್ಸಿಲ್‌ನಲ್ಲಿ ಎತ್ತರದ ಗುರುತು ಹಾಕಿಸಿಕೊಳ್ಳುತ್ತಿದ್ದಳು. ಆರು ಗೆರೆಗಳಿವೆ, ಪಕ್ಕದಲ್ಲಿ ಇಸವಿ. ಏಳನೆಯದು ಇಲ್ಲ.

ಡಿಸೆಂಬರ್ ಮೊದಲ ವಾರ ಅವರ ತಾಯಿ ಎಂದಿನಂತೆ ಫೋನ್ ಮಾಡಿ, "ಅಕ್ಕ, 24ರಿಂದ ನಾಲ್ಕು ರಾತ್ರಿ ನಮ್ಮ ಕೊಠಡಿ ಇಟ್ಟಿರಿ" ಎಂದರು. ನಾನು ಹೊಸ ದರ ಹೇಳಿದೆ. ಒಂದು ಕ್ಷಣ ಮಾತು ನಿಂತಿತು. "ಆಗಲಿ ಅಕ್ಕ, ಮನೆಯವರಲ್ಲಿ ಕೇಳಿ ಹೇಳುತ್ತೇನೆ" ಎಂದರು. ಎರಡು ದಿನ ಬಿಟ್ಟು, "ಬೇರೆ ಕಡೆ ನೋಡಿಕೊಂಡಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ" ಎಂಬ ಸಂದೇಶ ಬಂತು. ಅದರ ಕೆಳಗೆ ಇನ್ನೊಂದು ಸಾಲು: "ಆಪ್‌ನಲ್ಲಿ ನಿಮ್ಮದೇ ಕೊಠಡಿ ಕಡಿಮೆಗೆ ಕಾಣುತ್ತಿದೆಯಲ್ಲ." ಆ ಸಾಲು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಏಕೆಂದರೆ ಆಪ್‌ನಲ್ಲೂ ನಾನು ಹಾಕಿದ್ದು 4,000.

ಕೊಠಡಿ ಖಾಲಿ ಬೀಳಲಿಲ್ಲ, ಬೇರೆಯವರು ಬಂದರು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಈ ಡಿಸೆಂಬರಿಗೆ ದರ ಇಳಿಸಲೇ? ಹಳಬರಿಗೆ ಮಾತ್ರ ಹಳೆಯ ದರ ಕೊಡಲೇ? ಹಾಗೆ ಮಾಡಿದರೆ ಹೊಸಬರಿಗೆ ಗೊತ್ತಾದಾಗ ಏನು ಹೇಳಲಿ?

ಮುಳ್ಳೇರಿಯಾ ತೋಟದಮನೆ

ಅಕ್ಕ, ಇದರಲ್ಲಿ ನೀವು ತಪ್ಪು ಮಾಡಿದ್ದೀರಿ ಎಂದು ನನಗೆ ಅನಿಸುವುದಿಲ್ಲ. ವಿಮಾನದ ಟಿಕೆಟ್ ದಿನಕ್ಕೊಂದು ದರ. ಹಬ್ಬದ ಹೆಚ್ಚುವರಿ ಬಸ್ಸಿಗೆ ಬೇರೆ ದರ. ಯಾರೂ ಚಾಲಕನ ಮೇಲೆ ಸಿಟ್ಟಾಗುವುದಿಲ್ಲ. ಬೇಡಿಕೆ ಇದ್ದಾಗ ದರ ಏರುತ್ತದೆ ಎನ್ನುವುದು ಈಗ ಎಲ್ಲರಿಗೂ ಗೊತ್ತು. ಕೊಠಡಿ ತುಂಬಿತಲ್ಲ, ಅಂದರೆ 4,000 ಸರಿಯಾದ ದರವೇ. ನಾನು ವಾರವಾರ ದರ ಬದಲಿಸುತ್ತೇನೆ. ಶನಿವಾರಕ್ಕೆ ಒಂದು, ಸೋಮವಾರಕ್ಕೆ ಒಂದು.

ಪೆರ್ಲದ ಮಾಷ್ಟ್ರು

ತಂಗಿ, ನಿನ್ನ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲೂ ಇದೇ ಕಥೆ. ಹೆಂಡತಿಯ ಕಡೆಯ ಬಂಧುಗಳು ಮೇ ತಿಂಗಳಲ್ಲಿ ಎಂಟು ದಿನ ಬಂದು ಉಳಿಯುತ್ತಾರೆ. ಎರಡು ಕೊಠಡಿ ಅವರಿಗೇ ಹೋಗುತ್ತದೆ. ದುಡ್ಡು ಕೇಳುವಂತಿಲ್ಲ, ಕೊಡುವುದೂ ಇಲ್ಲ. ಹೋದ ವರ್ಷ ಅದೇ ವಾರ ಬೆಂಗಳೂರಿನವರು ಎರಡು ಕೊಠಡಿ ಕೇಳಿದಾಗ ಇಲ್ಲವೆನ್ನಬೇಕಾಯಿತು. ನೆಂಟರಿಗೆ ದರ ಹೇಳುವುದು ಹೇಗೆ ಎಂದು ಯಾರಾದರೂ ತಿಳಿಸಿದರೆ ನನಗೂ ಉಪಕಾರ.

ಶಿರಿಯಾ ಹೊಳೆಬದಿ

ಮಾಷ್ಟ್ರೇ, ಅವರು ನೆಂಟರಲ್ಲ, ದುಡ್ಡು ಕೊಟ್ಟೇ ಬರುತ್ತಿದ್ದವರು. ಆದರೆ ಆರು ವರ್ಷವಾದ ಮೇಲೆ ನೆಂಟರ ಹಾಗೆಯೇ ಆಗಿದ್ದರು, ತೊಂದರೆ ಬಂದದ್ದೂ ಅಲ್ಲಿಯೇ.

ಪ್ರವಾಸಿ, ಹಾಸನ

ನಾನು ಹೋಂಸ್ಟೇ ನಡೆಸುವವಳಲ್ಲ, ವರ್ಷಕ್ಕೆರಡು ಸಲ ಕಾಸರಗೋಡು ಕಡೆ ಬಂದು ಉಳಿಯುವವಳು. ಉದುಮದ ಹತ್ತಿರ ಒಂದೇ ಮನೆಗೆ ಒಂಬತ್ತು ಸಲ ಹೋಗಿದ್ದೇನೆ. ಮುಳ್ಳೇರಿಯಾದವರು ಹೇಳಿದ ವಿಮಾನದ ಮಾತಿಗೆ ಉತ್ತರ ಹೇಳಬೇಕೆನಿಸಿತು. ಹೋದ ವರ್ಷ ವಿಮಾನದ ಟಿಕೆಟಿಗೆ ಎಷ್ಟು ಕೊಟ್ಟೆ ಎಂದು ನನಗೆ ನೆನಪಿಲ್ಲ. ಆದರೆ ಆ ಮನೆಯಲ್ಲಿ ಎಷ್ಟು ಕೊಟ್ಟೆ ಎಂಬುದು ರೂಪಾಯಿ ಲೆಕ್ಕದಲ್ಲಿ ನೆನಪಿದೆ. ಅಲ್ಲಿನ ಅಮ್ಮ ಲೆಕ್ಕ ಬರೆದ ಚೀಟಿ, ಆ ಹೊತ್ತಿಗೆ ಅವರು ಕಟ್ಟಿಕೊಟ್ಟ ಹಲಸಿನ ಹಪ್ಪಳ, ಎರಡೂ ಒಟ್ಟಿಗೆ ನೆನಪಿನಲ್ಲಿ ಕೂತಿವೆ.

ದರ ಏರಿದ್ದಕ್ಕೆ ನಾವು ಬೇಸರಪಡುವುದು ಕಡಿಮೆ. ರಜೆಯ ದಿನಾಂಕ ಗೊತ್ತಾಗಿ, ಮಕ್ಕಳಿಗೆ ಹೇಳಿ, ರೈಲಿನ ಟಿಕೆಟ್ ಮಾಡಿಸಿ, ಕೊನೆಗೆ ಫೋನ್ ಮಾಡಿದಾಗ ಹೊಸ ದರ ಕೇಳಿಸಿದರೆ ಸಿಕ್ಕಿಹಾಕಿಕೊಂಡಂತೆ ಅನಿಸುತ್ತದೆ. ಅವರಿಗೂ ಹಾಗೆಯೇ ಆಗಿರಬೇಕು.

ಉದುಮ ನಾಲ್ಕು ಕೊಠಡಿ

ಶಿರಿಯಾದ ಅಕ್ಕನಿಗೆ ಒಂದು ಕೆಲಸ ಹೇಳುತ್ತೇನೆ, ಅದನ್ನು ಮಾಡಿದ ಮೇಲೆ ಉಳಿದದ್ದು ಮಾತನಾಡೋಣ. ನಿಮ್ಮ ಮೊಬೈಲ್‌ನಲ್ಲಿ ನೋಡಬೇಡಿ. ಆ ಆಪ್‌ನಲ್ಲಿ ನಿಮ್ಮ ಖಾತೆ ಇಲ್ಲದ, ಮನೆಯ ಬೇರೆಯವರ ಮೊಬೈಲ್ ತೆಗೆದುಕೊಳ್ಳಿ. ಸಾಮಾನ್ಯ ಪ್ರವಾಸಿ ಹುಡುಕುವ ಹಾಗೆ ಡಿಸೆಂಬರ್ 24ರಿಂದ ನಾಲ್ಕು ರಾತ್ರಿಗೆ ನಿಮ್ಮದೇ ಮನೆಯನ್ನು ಹುಡುಕಿ. ಎಷ್ಟು ತೋರಿಸುತ್ತದೆ ಎಂದು ಇಲ್ಲಿ ಬರೆಯಿರಿ.

ಶಿರಿಯಾ ಹೊಳೆಬದಿ

ಮಗನ ಮೊಬೈಲ್‌ನಲ್ಲಿ ನೋಡಿದೆ. 4,000ಕ್ಕೆ ಗೆರೆ ಎಳೆದು ಪಕ್ಕದಲ್ಲಿ 3,240 ಎಂದು ಹಸಿರು ಬಣ್ಣದಲ್ಲಿ ಇದೆ. ತೆರಿಗೆ ಬೇರೆ. ನಾನು ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ! ಇದು ಎಲ್ಲಿಂದ ಬಂತು?

ಉದುಮ ನಾಲ್ಕು ಕೊಠಡಿ

ನೀವೇ ಕೊಟ್ಟಿದ್ದೀರಿ, ಗೊತ್ತಿಲ್ಲದೆ ಕೊಟ್ಟಿದ್ದೀರಿ. ನಾನು ಹನ್ನೆರಡು ವರ್ಷ ಮಂಗಳೂರಿನ ಹೋಟೆಲ್ ಒಂದರಲ್ಲಿ ಬುಕಿಂಗ್ ವಿಭಾಗದಲ್ಲಿದ್ದವನು. ಈ ತೊಂದರೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈ ಜಾಲತಾಣಗಳಲ್ಲಿ ಮನೆಯನ್ನು ನೋಂದಾಯಿಸುವಾಗ, "ಮೊಬೈಲ್‌ನಲ್ಲಿ ಬುಕ್ ಮಾಡುವವರಿಗೆ ಶೇ. 10 ಕಡಿತ", "ಮುಂಚಿತವಾಗಿ ಬುಕ್ ಮಾಡುವವರಿಗೆ ಶೇ. 10 ಕಡಿತ" ಎಂಬಂಥ ಕೊಡುಗೆಗಳಿಗೆ ಒಪ್ಪಿಗೆ ಕೇಳುತ್ತಾರೆ. ಹೆಚ್ಚು ಜನರಿಗೆ ಕಾಣಿಸುತ್ತದೆ ಎಂದು ನಾವು ಒತ್ತಿಬಿಡುತ್ತೇವೆ, ನಂತರ ಮರೆಯುತ್ತೇವೆ. ಅದು ವರ್ಷವಿಡೀ ನಡೆಯುತ್ತಿರುತ್ತದೆ. ಸೀಸನ್ನಿಗೆ ದರ ಏರಿಸಿದಾಗಲೂ ಅದು ತಾನಾಗಿ ನಿಲ್ಲುವುದಿಲ್ಲ.

ನಿಮ್ಮ ಸಂಖ್ಯೆ ನೋಡಿದರೆ ಸ್ಪಷ್ಟವಾಗಿದೆ. 4,000ದಲ್ಲಿ ಶೇ. 10 ಹೋದರೆ 3,600. ಅದರ ಮೇಲೆ ಮತ್ತೆ ಶೇ. 10 ಹೋದರೆ 3,240. ಎರಡು ಕಡಿತಗಳು ಒಂದರ ಮೇಲೊಂದು ಕೂತಿವೆ. ಇನ್ನು ಕಮಿಷನ್. ನಿಮಗೆ ಎಷ್ಟು ಹಿಡಿಯುತ್ತಾರೆ?

ಶಿರಿಯಾ ಹೊಳೆಬದಿ

ಶೇ. 18.

ಉದುಮ ನಾಲ್ಕು ಕೊಠಡಿ

ಹಾಗಾದರೆ 3,240ರಲ್ಲಿ ನಿಮ್ಮ ಕೈಗೆ ಬಂದದ್ದು ಸುಮಾರು 2,657 ರೂಪಾಯಿ. ಇದನ್ನು ಒಮ್ಮೆ ನಿಧಾನವಾಗಿ ನೋಡಿ ಅಕ್ಕ. ಮುಖ ನೋಡದ ಅತಿಥಿಯಿಂದ ನಿಮಗೆ ಸಿಕ್ಕಿದ್ದು 2,657. ಆರು ವರ್ಷ ಬಂದವರನ್ನು ನೀವು ಕೇಳಿದ್ದು 4,000. ಅವರು ಹಿಂದಿನ ವರ್ಷ ಕೊಟ್ಟಿದ್ದ 2,800 ಕೂಡ ಇದಕ್ಕಿಂತ ಹೆಚ್ಚು. ಅವರಿಗೆ ಕಮಿಷನ್ ಲೆಕ್ಕ ಗೊತ್ತಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಫೋನ್ ಮಾಡಿ ಕೇಳಿದರೆ 4,000, ಹೆಸರು ಹೇಳದೆ ಬಂದರೆ 3,240. ಪರಿಚಯ ಇದ್ದದ್ದಕ್ಕೇ 760 ರೂಪಾಯಿ ಹೆಚ್ಚು ಕೊಡಬೇಕಾದಂತೆ ಅವರಿಗೆ ಅನಿಸಿರುತ್ತದೆ.

ಆದ್ದರಿಂದ ಮೊದಲ ಕೆಲಸ, ಸೀಸನ್ ದಿನಾಂಕಗಳನ್ನು ಆ ಎರಡೂ ಕೊಡುಗೆಗಳಿಂದ ಹೊರಗಿಡುವುದು. ಸಾಮಾನ್ಯವಾಗಿ ಕೊಡುಗೆಯ ಪುಟದಲ್ಲಿಯೇ ಅನ್ವಯಿಸದ ದಿನಾಂಕಗಳನ್ನು ಆರಿಸುವ ಜಾಗ ಇರುತ್ತದೆ. ಇಲ್ಲದಿದ್ದರೆ ಕೊಡುಗೆಯನ್ನೇ ನಿಲ್ಲಿಸಿ. ನಂತರ ಮತ್ತೆ ಮಗನ ಮೊಬೈಲ್‌ನಲ್ಲಿ ನೋಡಿ. ಜಾಲತಾಣದವರು ತಮ್ಮ ಕಮಿಷನ್ನಿನಿಂದಲೇ ಸ್ವಲ್ಪ ಬಿಟ್ಟು ದರ ಇಳಿಸಿ ತೋರಿಸುವುದೂ ಉಂಟು. ಅದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಸೀಸನ್ನಿನಲ್ಲಿ ವಾರಕ್ಕೊಮ್ಮೆ ಹೊರಗಿನವರಂತೆ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ಎರಡನೆಯದು, ಹಳಬರ ದರ ಎಷ್ಟಿರಬೇಕು ಎಂಬುದು. ಕಡಿತವಿಲ್ಲದೆ 4,000ಕ್ಕೆ ಆಪ್ ಮೂಲಕ ಕೊಠಡಿ ಹೋದರೆ ನಿಮಗೆ ಸಿಗುವುದು 3,280. ಹಳಬರು ನೇರವಾಗಿ ಫೋನ್ ಮಾಡಿ ಬರುತ್ತಾರೆ, ಅವರಿಗೆ ಕಮಿಷನ್ ಇಲ್ಲ. ಅವರಿಗೆ 3,280 ಹೇಳಿದರೆ ನಿಮಗೆ ಒಂದು ರೂಪಾಯಿಯ ನಷ್ಟವೂ ಇಲ್ಲ, ಅವರಿಗೆ 720 ರೂಪಾಯಿ ಉಳಿಯುತ್ತದೆ. ಹೊಸಬರು ಕೇಳಿದರೂ ಉತ್ತರ ಸುಲಭ: ನೇರವಾಗಿ ಬಂದವರಿಗೆ ಕಮಿಷನ್ ಉಳಿತಾಯ, ಮುಂದಿನ ಸಲ ನೀವೂ ನೇರವಾಗಿ ಬನ್ನಿ. ಒಂದು ಎಚ್ಚರಿಕೆ ಇದೆ. ಆಪ್‌ಗಿಂತ ಕಡಿಮೆ ದರವನ್ನು ಬಹಿರಂಗವಾಗಿ ಪ್ರಕಟಿಸಬಾರದು ಎಂಬ ಷರತ್ತು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ನಿಮ್ಮ ಒಪ್ಪಂದ ಓದಿ ನೋಡಿ. ಗೋಡೆಯ ಫಲಕದಲ್ಲಿ, ಫೇಸ್‌ಬುಕ್ ಪುಟದಲ್ಲಿ ಹಾಕದೆ ಹಳಬರಿಗೆ ವೈಯಕ್ತಿಕವಾಗಿ ತಿಳಿಸುವುದು ಒಳ್ಳೆಯದು.

ಮುಳ್ಳೇರಿಯಾ ತೋಟದಮನೆ

ಆ ಕೊಡುಗೆಯ ವಿಷಯ ನನಗೂ ಗೊತ್ತಿರಲಿಲ್ಲ, ಈಗಲೇ ನನ್ನದನ್ನೂ ನೋಡುತ್ತೇನೆ. ಆದರೆ 2,800 ಕೊಡುತ್ತಿದ್ದವರಿಗೆ 3,280 ಕೂಡ ಒಮ್ಮೆಲೇ 480 ರೂಪಾಯಿ ಏರಿಕೆಯೇ ಅಲ್ಲವೇ? ಅವರಿಗಾಗಿ ಇನ್ನೂ ಇಳಿಸಿದರೆ ಅದು ನಷ್ಟ. ಹೊರಗೆ ಜನ ಕಾಯುತ್ತಿರುವಾಗ ಕೊಠಡಿಯನ್ನು ಕಡಿಮೆಗೆ ಕೊಡುವುದು ವ್ಯವಹಾರವಲ್ಲ.

ಉದುಮ ನಾಲ್ಕು ಕೊಠಡಿ

ನಷ್ಟ ಎಷ್ಟು ಎಂದು ಎಣಿಸೋಣ. ಅಕ್ಕ, ಡಿಸೆಂಬರ್ 24ರಿಂದ ಜನವರಿ 1ರ ತನಕ ಒಂಬತ್ತು ರಾತ್ರಿ. ಮೂರು ಕೊಠಡಿಗೆ 27 ಕೊಠಡಿ-ರಾತ್ರಿಗಳು. ಹಿಂದಿನ ವರ್ಷಗಳಲ್ಲಿ ಹಳಬರು ಎಷ್ಟು ತೆಗೆದುಕೊಂಡಿದ್ದರು?

ಶಿರಿಯಾ ಹೊಳೆಬದಿ

ಪುಸ್ತಕ ತೆಗೆದು ನೋಡಿದೆ. ದರ ಏರಿಸುವ ಮೊದಲಿನ ವರ್ಷ 11. ಕಳೆದ ವರ್ಷ 3 ಮಾತ್ರ. ಆ ಒಂದು ಕುಟುಂಬ ಮಾತ್ರ ಹೋಯಿತು ಎಂದುಕೊಂಡಿದ್ದೆ. ಇನ್ನೂ ಇಬ್ಬರು ಸುಮ್ಮನೆ ಬಿಟ್ಟಿದ್ದಾರೆ, ನಾನು ಗಮನಿಸಿರಲೇ ಇಲ್ಲ.

ಉದುಮ ನಾಲ್ಕು ಕೊಠಡಿ

ಹಳಬರು ಜಗಳ ಮಾಡಿ ಹೋಗುವುದಿಲ್ಲ, ಅದಕ್ಕೇ ಪುಸ್ತಕ ಬೇಕು. ಈಗ ಲೆಕ್ಕ. ಈ ವರ್ಷ ಅವರಿಗೆ 3,000 ಇಡಿ, ಮುಂದಿನ ವರ್ಷ 3,280ಕ್ಕೆ ತನ್ನಿ. ಅಂದರೆ ಈ ವರ್ಷ ರಾತ್ರಿಗೆ 280 ರೂಪಾಯಿ ಬಿಟ್ಟುಕೊಟ್ಟ ಹಾಗೆ. 11 ರಾತ್ರಿಗೆ ಒಟ್ಟು 3,080. ಮುಳ್ಳೇರಿಯಾದವರು ಹೇಳುವ ನಷ್ಟ ಇಷ್ಟು. ಇದೇ ಹಳಬರಲ್ಲಿ ಯಾರಾದರೂ ಮಳೆಗಾಲದಲ್ಲಿಯೋ ಆಗಸ್ಟ್‌ನಲ್ಲಿಯೋ ಬರುವುದುಂಟೇ? ಒಂದು ಕುಟುಂಬ ಖಾಲಿ ದಿನಗಳಲ್ಲಿ ಎರಡು ರಾತ್ರಿ ಉಳಿದರೂ 5,000 ಬಂತು. ತಿಂಡಿ, ಬಟ್ಟೆ ಒಗೆಯುವುದು, ಕೆಲಸದವರ ಕೂಲಿ ಕಳೆದರೂ ಆ 3,080 ತುಂಬಿ ಮಿಗುತ್ತದೆ.

ಆದರೆ ಮುಳ್ಳೇರಿಯಾದವರ ಮಾತಿನಲ್ಲಿ ನಿಜಾಂಶ ಇದೆ. "ಹೊರಗೆ ಜನ ಕಾಯುತ್ತಿರುವಾಗ" ಎಂದರಲ್ಲ, ಕಾಯುತ್ತಿದ್ದಾರೆಯೇ ಎಂಬುದನ್ನು ಅಳೆಯಬೇಕು. ನಾನು ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೊಠಡಿ ಇಲ್ಲ ಎಂದು ಹೇಳಿ ಕಳುಹಿಸಿದ ಪ್ರತಿ ಕರೆಯನ್ನೂ ಬರೆಯುತ್ತೇನೆ, ಯಾವ ದಿನಾಂಕಕ್ಕೆ ಕೇಳಿದರು ಎಂದು. ದರ ಕೇಳಿ ಬಿಟ್ಟವರನ್ನು ಬೇರೆ ಪುಟದಲ್ಲಿ ಬರೆಯುತ್ತೇನೆ. ಡಿಸೆಂಬರ್ ಕೊನೆಯ ವಾರ ನವೆಂಬರ್ ಮೊದಲೇ ತುಂಬಿಹೋಗಿ, ಆಮೇಲೆ ಹತ್ತಾರು ಕರೆಗಳಿಗೆ ಇಲ್ಲ ಎಂದರೆ ನಮ್ಮ ದರ ಕಡಿಮೆಯಾಯಿತು. ಡಿಸೆಂಬರ್ 12ಕ್ಕೂ ಎರಡು ಕೊಠಡಿ ಖಾಲಿ ಇದ್ದು, ದರ ಕೇಳಿ ಬಿಟ್ಟವರ ಪುಟ ತುಂಬಿದ್ದರೆ ಹೆಚ್ಚಾಯಿತು. ನನ್ನಲ್ಲಿ 24ರಿಂದ 31ರ ತನಕ ನಿಜವಾಗಿ ಜನ ಕಾಯುತ್ತಾರೆ. ಆದರೆ 18ರಿಂದ 23ರ ತನಕ ಯಾರೂ ಕೇಳುವುದಿಲ್ಲ ಎಂದು ಆ ನೋಟ್‌ಬುಕ್ಕಿನಿಂದಲೇ ಗೊತ್ತಾಯಿತು. ಅಲ್ಲಿಯವರೆಗೆ ಡಿಸೆಂಬರ್ 15ರಿಂದಲೇ ಸೀಸನ್ ದರ ಹಾಕಿ ಕೊಠಡಿ ಖಾಲಿ ಇಟ್ಟುಕೊಂಡಿದ್ದೆ.

ಟ್ಯಾಕ್ಸಿ, ಉಪ್ಪಳ

ನಾನು ಕೊಠಡಿಯವನಲ್ಲ, ಒಂದು ಕಾರು ಇಟ್ಟುಕೊಂಡು ಬಾಡಿಗೆ ಓಡಿಸುವವನು. ನಮ್ಮ ಕಷ್ಟ ಸ್ವಲ್ಪ ಬೇರೆ. ಕೊಠಡಿಯ ದರ ನಿಮ್ಮ ಇಷ್ಟ, ನಮ್ಮ ದರ ಹಾಗಲ್ಲ. ಕೇರಳ ಸರ್ಕಾರ 2022ರ ಮೇ 1ರಿಂದ ನಿಗದಿ ಮಾಡಿದ ಪ್ರಕಾರ 1500 ಸಿ.ಸಿ. ಒಳಗಿನ ಕಾರಿಗೆ ಮೊದಲ 5 ಕಿ.ಮೀ.ಗೆ 200 ರೂಪಾಯಿ, ನಂತರ ಕಿ.ಮೀ.ಗೆ 18. ಡಿಸೆಂಬರ್ ಬಂತೆಂದು ಕಿ.ಮೀ. ದರವನ್ನು 25 ಮಾಡಲಾಗದು. ಮಾಡಿ ಯಾರಾದರೂ ದೂರು ಕೊಟ್ಟರೆ ಉತ್ತರ ಹೇಳಬೇಕಾದವನು ನಾನೇ.

ನನ್ನ ಖಾಯಂ ಜನ ಪ್ರವಾಸಿಗಳಲ್ಲ, ಮಂಗಳೂರಿನ ಆಸ್ಪತ್ರೆಗೆ ಹೋಗುವವರು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. 2020ರಲ್ಲಿ ಕೊರೋನಾ ಎಂದು ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳಿಗೆ ಏನಾಯಿತು ಎಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಒಬ್ಬರು ಹಿರಿಯರನ್ನು ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಬೆಳಿಗ್ಗೆ ಐದೂವರೆಗೆ ಹೊರಟು, ಅವರು ಯಂತ್ರಕ್ಕೆ ನಾಲ್ಕು ಗಂಟೆ ಕೂತು, ಮರಳಿ ಮನೆ ಮುಟ್ಟುವಾಗ ಮಧ್ಯಾಹ್ನ. ಕಾಯುವುದು, ಟೋಲ್ ಎಲ್ಲ ಸೇರಿ 1,800. ಮೂರು ವರ್ಷದಿಂದ ಅದೇ. ಡಿಸೆಂಬರಿನಲ್ಲಿ ಅದೇ ಶುಕ್ರವಾರ ಬೇಕಲ, ಅನಂತಪುರ, ಮಧೂರು ಸುತ್ತುವ ಕುಟುಂಬ ಇಡೀ ದಿನಕ್ಕೆ 3,500 ಕೊಡುತ್ತೇವೆ ಎಂದು ಹೋಂಸ್ಟೇಯವರ ಮೂಲಕ ಕೇಳುತ್ತದೆ. ಮೊದಲ ವರ್ಷ ನಾನು ಆಸೆಪಟ್ಟು ಹಿರಿಯರಿಗೆ ಬೇರೆ ಕಾರು ಮಾಡಿಕೊಟ್ಟೆ. ಆ ಚಾಲಕ ಇಳಿಯುವಾಗ ಅವರ ಕೈ ಹಿಡಿಯಲಿಲ್ಲ, ಗೇಟಿನ ಹತ್ತಿರವೇ ಬಿಟ್ಟು ಹೋದ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅವರ ಸೊಸೆ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಅಂದಿನಿಂದ ಎರಡು ಬಗೆಯ ಲೆಕ್ಕ ಇಟ್ಟಿದ್ದೇನೆ. ಆಸ್ಪತ್ರೆ, ವಿಮಾನ ನಿಲ್ದಾಣ, ರೈಲು ನಿಲ್ದಾಣಕ್ಕೆ ವರ್ಷವಿಡೀ ಒಂದೇ ದರ, ಸೀಸನ್ ಎಂಬುದು ಇಲ್ಲ. ಪ್ರವಾಸದ ಇಡೀ ದಿನದ ಬಾಡಿಗೆಗೆ ಮಾತ್ರ ಸೀಸನ್ ಇದೆ: ಉಳಿದ ತಿಂಗಳುಗಳಲ್ಲಿ 80 ಕಿ.ಮೀ. ಮತ್ತು 8 ಗಂಟೆಗೆ ಬಾಡಿಗೆ ಮಾತನಾಡುತ್ತೇನೆ, ಡಿಸೆಂಬರ್ 20ರ ನಂತರ ಕನಿಷ್ಠ 120 ಕಿ.ಮೀ., 10 ಗಂಟೆ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಒಂದರ ತನಕ ಯಾರು ಎಷ್ಟು ಕೊಟ್ಟರೂ ಕಾರು ಇಲ್ಲ. ಹೋಂಸ್ಟೇ ನಡೆಸುವವರಿಗೆ ನವೆಂಬರಿನಲ್ಲೇ ಇದನ್ನು ಹೇಳಿಬಿಡುತ್ತೇನೆ.

ಮಂಜೇಶ್ವರದ ಓದುಗ

ಉಪ್ಪಳದ ಅಣ್ಣನ ಮಾತು ಮನಸ್ಸಿಗೆ ತಟ್ಟಿತು. ಆದರೂ ಒಂದು ಪ್ರಶ್ನೆ. ಕಿ.ಮೀ. ದರ ಏರಿಸದೆ ಕನಿಷ್ಠ ಕಿ.ಮೀ. ಏರಿಸುವುದು ಬೇರೆ ಬಾಗಿಲಿನಿಂದ ದರ ಏರಿಸಿದ ಹಾಗೆ ಆಗುವುದಿಲ್ಲವೇ? ಅನಂತಪುರ, ಮಧೂರು ಮಾತ್ರ ನೋಡಿ ಬರುವವರು 60 ಕಿ.ಮೀ. ಕೂಡ ಓಡುವುದಿಲ್ಲ, 120ಕ್ಕೆ ಕೊಡಬೇಕಾಗುತ್ತದೆ.

ಟ್ಯಾಕ್ಸಿ, ಉಪ್ಪಳ

ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಅಂಥವರಿಗೆ ಅರ್ಧ ದಿನದ ಬಾಡಿಗೆ ಇಡಬೇಕೆಂದು ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಅರ್ಧ ದಿನ ಕೊಟ್ಟರೆ ಉಳಿದರ್ಧಕ್ಕೆ ಬೇರೆ ಬಾಡಿಗೆ ಸಿಗುವುದು ಕಷ್ಟ. ಮಧ್ಯಾಹ್ನ ಎರಡರ ಮೇಲೆ ಬೇಕಲಕ್ಕೆ ಸೂರ್ಯಾಸ್ತಕ್ಕೆ ಹೋಗುವವರು ಸಿಕ್ಕರೆ ಸರಿಹೋಗಬಹುದು. ಈ ವರ್ಷ ನೋಡುತ್ತೇನೆ.

ಮಂತ್ರಾಲಯ ವಸತಿ

ಆಂಧ್ರದ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಸೀಸನ್ ಎಂದರೆ ಶ್ರಾವಣದ ಆರಾಧನೆ, ಅದರ ಜೊತೆಗೆ ಪ್ರತಿ ಗುರುವಾರ. ಬರುವವರಲ್ಲಿ ಹೆಚ್ಚಿನವರು ಕರ್ನಾಟಕದವರು, ಮೂರು ತಲೆಮಾರಿನಿಂದ ಬರುವ ಮನೆತನಗಳೂ ಇವೆ. ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ಕೂಡಲೇ ನಾವು ಆರಾಧನೆಯ ದಿನಗಳಿಗೆ ಗುರುತು ಹಾಕಿ, ದರದ ಕಾಗದ ಬರೆದು ಹಳಬರಿಗೆ ಕಳುಹಿಸಿಬಿಡುತ್ತೇವೆ. ಅಂದರೆ ನಾಲ್ಕೈದು ತಿಂಗಳು ಮೊದಲೇ. ಆಮೇಲೆ ಎಷ್ಟೇ ಬೇಡಿಕೆ ಬರಲಿ, ಆ ಕಾಗದದ ದರ ಬದಲಿಸುವುದಿಲ್ಲ. ಮುಂಗಡ ಕೊಡಲು ಅವರಿಗೆ ಒಂದು ತಿಂಗಳ ಅವಕಾಶ, ಕೊಡದಿದ್ದರೆ ಕೊಠಡಿ ಹೊರಗಿನವರಿಗೆ. ದರದ ಬಗ್ಗೆ ನಮ್ಮಲ್ಲಿ ಜಗಳ ಕಡಿಮೆ. ಜಗಳ ಆಗುವುದು ಒಂದು ಕೊಠಡಿಗೆ ಏಳು ಜನ ಬಂದಾಗ.

ಪ್ರವಾಸಿ, ಹಾಸನ

ಮುಂಗಡವಾಗಿ ತಿಳಿಸುವುದು ಬಹಳ ಒಳ್ಳೆಯದು. ಇನ್ನೊಂದು ವಿಷಯ ಅತಿಥಿಯಾಗಿ ಹೇಳುತ್ತೇನೆ. ನಾನು ಜನವರಿಯಲ್ಲಿ 3,500 ಕೊಟ್ಟು ಉಳಿದ ಮನೆಯೇ ಜುಲೈನಲ್ಲಿ 1,400ಕ್ಕೆ ಕಾಣಿಸಿತು. ಮಳೆಗಾಲ, ಅವರಿಗೂ ಕಷ್ಟ ಎಂದು ಬುದ್ಧಿಗೆ ಗೊತ್ತಾಗುತ್ತದೆ. ಆದರೂ ಜನವರಿಯಲ್ಲಿ ಮೋಸಹೋದೆನೇನೋ ಎಂಬ ಭಾವನೆ ಹೋಗಲಿಲ್ಲ.

ಉದುಮ ನಾಲ್ಕು ಕೊಠಡಿ

ಹಾಸನದ ಅಕ್ಕ ಹೇಳಿದ್ದನ್ನು ನಾನೂ ಅನುಭವಿಸಿದ್ದೇನೆ. ಮಳೆಗಾಲದಲ್ಲಿ ದರದ ಅಂಕಿಯನ್ನು ಬಹಳ ಕೆಳಗೆ ಇಳಿಸುವುದನ್ನು ನಾನು ಬಿಟ್ಟಿದ್ದೇನೆ. ದರ 2,500 ಇದ್ದಲ್ಲಿಯೇ ಇರುತ್ತದೆ, ಅದರೊಳಗೆ ಕೊಡುವುದನ್ನು ಹೆಚ್ಚಿಸುತ್ತೇನೆ. ಎರಡು ರಾತ್ರಿ ಉಳಿದರೆ ಮೂರನೆಯ ರಾತ್ರಿಗೆ ದುಡ್ಡಿಲ್ಲ. ಆಟಿ ತಿಂಗಳಿನಲ್ಲಿ ಮಧ್ಯಾಹ್ನದ ಊಟವೂ ಸೇರಿ. ಪತ್ರೊಡೆ, ಕಣಿಲೆ ಪಲ್ಯ, ಹಲಸಿನ ಹಣ್ಣಿನ ಗಟ್ಟಿ ತಿನ್ನಲೆಂದೇ ಬರುವ ಎರಡು ಕುಟುಂಬಗಳಿವೆ. ಖಾಲಿ ಕೊಠಡಿಯ ಮೂರನೆಯ ರಾತ್ರಿಗೆ ನನಗೆ ತಗಲುವುದು ತಿಂಡಿ, ಒಗೆಯುವುದು, ವಿದ್ಯುತ್ ಸೇರಿ ಸುಮಾರು 600 ರೂಪಾಯಿ.

ಇನ್ನೊಂದು ಸಣ್ಣ ವಿಷಯ, ಇದರಲ್ಲಿ ಎಲ್ಲರೂ ಎಡವುತ್ತಾರೆ. ಸೀಸನ್ 24ಕ್ಕೆ ಶುರು, ಅತಿಥಿ 22ಕ್ಕೆ ಬಂದು 26ಕ್ಕೆ ಹೋಗುತ್ತಾನೆ. ಆಪ್ ರಾತ್ರಿ ಲೆಕ್ಕದಲ್ಲಿ ಎರಡು ದರ ಸೇರಿಸಿ ತೋರಿಸುತ್ತದೆ, ಅದು ಸರಿ. ಹಳಬರಿಗೆ ಮಾತ್ರ ಬಂದ ದಿನದ ದರವನ್ನೇ ಪೂರ್ತಿ ಹಿಡಿಯುತ್ತೇನೆ. ಹೀಗೆ ಹೇಳಿದ ಮೇಲೆ ಕೆಲವರು ತಾವಾಗಿಯೇ 22, 23ಕ್ಕೆ ಬರಲು ಶುರು ಮಾಡಿದ್ದಾರೆ, ಆ ಖಾಲಿ ದಿನಗಳು ತುಂಬುತ್ತವೆ. ಕೊಠಡಿಯ ಬೇಡಿಕೆ ಬಹಳ ಇರುವವರಿಗೆ ಇದು ಸರಿಹೋಗಲಿಕ್ಕಿಲ್ಲ.

ಮುಳ್ಳೇರಿಯಾ ತೋಟದಮನೆ

ನನ್ನ ಖಾತೆ ನೋಡಿದೆ. ಮೊಬೈಲ್ ಕಡಿತ ನನ್ನಲ್ಲೂ ಇತ್ತು, ಎರಡು ವರ್ಷದಿಂದ. ಆದರೆ ಬಂದ ದಿನದ ದರ ಪೂರ್ತಿ ಹಿಡಿಯುವುದನ್ನು ನಾನು ಒಪ್ಪಲಾರೆ. ಒಬ್ಬ 23ಕ್ಕೆ ಬಂದು 1ರ ತನಕ ಉಳಿದರೆ ಸೀಸನ್ ಇಡೀ ಹೋಯಿತು.

ಉದುಮ ನಾಲ್ಕು ಕೊಠಡಿ

ನನ್ನಲ್ಲಿ ನಾಲ್ಕು ರಾತ್ರಿಗೆ ಮಿತಿ ಇದೆ. ಹಾಗಿದ್ದರೂ ನಿಮ್ಮ ಆಕ್ಷೇಪ ತಪ್ಪಲ್ಲ. 31ರ ರಾತ್ರಿಗೆ ನಾನು ಹಳಬ, ಹೊಸಬ ಎಂದು ನೋಡುವುದಿಲ್ಲ, ಒಂದೇ ದರ. ಅದು ಸರಿಯೋ ತಪ್ಪೋ ನನಗೇ ಖಚಿತವಿಲ್ಲ. ಒಬ್ಬ ಹಳಬರು ಇದಕ್ಕೇ ಮುನಿಸಿಕೊಂಡಿದ್ದಾರೆ.

ಶಿರಿಯಾ ಹೊಳೆಬದಿ

31ರ ಬಗ್ಗೆ ನನ್ನ ಯೋಚನೆ ಬೇರೆ, ಅಂದಿಗೂ ಹಳಬರ ದರವೇ ಇಡುತ್ತೇನೆ. 2025ರಲ್ಲಿ ಮಧೂರಿನಲ್ಲಿ ಮೂಡಪ್ಪ ಸೇವೆ ನಡೆದಾಗ ಊರಿನ ಕೊಠಡಿಗಳೆಲ್ಲ ತುಂಬಿದ್ದವು. ಎಷ್ಟು ಕೇಳಿದರೂ ಕೊಡುವವರಿದ್ದರು. 1992ರ ನಂತರ ಬಂದ ಸೇವೆ, ದೇವರ ಕಾರ್ಯಕ್ಕೆ ಬಂದವರಿಂದ ಹೆಚ್ಚು ತೆಗೆದುಕೊಳ್ಳಬಾರದೆಂದು ಯಜಮಾನರು ಪಟ್ಟು ಹಿಡಿದರು, 2,500ಕ್ಕೇ ಕೊಟ್ಟೆವು. ಆಗ ಬಂದವರಲ್ಲಿ ಮೂವರು ಮತ್ತೆ ಬಂದಿದ್ದಾರೆ.

ಕೊಡುಗೆಗಳಿಂದ ಡಿಸೆಂಬರ್ 24ರಿಂದ ಜನವರಿ 1ರ ತನಕದ ದಿನಗಳನ್ನು ತೆಗೆದಿದ್ದೇನೆ. ಮಗನ ಮೊಬೈಲ್‌ನಲ್ಲಿ ಈಗ 4,000 ಎಂದೇ ತೋರಿಸುತ್ತದೆ. ಹಳಬರಿಗೆ ಕಳುಹಿಸಲು ಈ ಸಂದೇಶ ಬರೆದಿದ್ದೇನೆ, ನೋಡಿ ಹೇಳಿ:

"ನಮಸ್ಕಾರ. ಹೆಚ್ಚುತ್ತಿರುವ ಖರ್ಚುವೆಚ್ಚಗಳ ಕಾರಣ ಡಿಸೆಂಬರ್ 24ರಿಂದ ಜನವರಿ 1ರ ವರೆಗೆ ಕೊಠಡಿ ದರವನ್ನು ಪರಿಷ್ಕರಿಸಲಾಗಿದೆ. ತಮ್ಮಂಥ ಹಳೆಯ ಅತಿಥಿಗಳಿಗೆ ವಿಶೇಷ ರಿಯಾಯಿತಿ ದರ 3,000 ರೂ. ಅಕ್ಟೋಬರ್ 31ರ ಒಳಗೆ ಮುಂಗಡ ಪಾವತಿಸಿ ಕಾಯ್ದಿರಿಸಬೇಕಾಗಿ ವಿನಂತಿ."

ಪ್ರವಾಸಿ, ಹಾಸನ

ಅಕ್ಕ, ಇದನ್ನು ನೀವು ಬರೆದ ಹಾಗೆಯೇ ಇಲ್ಲ. ಬ್ಯಾಂಕಿನಿಂದ ಬಂದ ಪತ್ರದಂತಿದೆ. ಖರ್ಚುವೆಚ್ಚ ಎಂದು ಬರೆದರೆ ಡಿಸೆಂಬರಿನಲ್ಲಿ ಮಾತ್ರ ಖರ್ಚು ಏಕೆ ಹೆಚ್ಚುತ್ತದೆ ಎಂದು ನಾನು ಕೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ಆ ವಾರ ಕೇಳುವವರು ಹೆಚ್ಚು, ಆದ್ದರಿಂದ ದರ ಹೆಚ್ಚು. ಮುಂದಿನ ವರ್ಷದ 3,280 ಕೂಡ ಈಗಲೇ ಹೇಳಿಬಿಡಿ. ಕಳೆದ ವರ್ಷ ಬಿಟ್ಟುಹೋದವರಿಗೆ ಆಪ್ ವಿಷಯ ಬೇರೆಯಾಗಿ ಬರೆಯಿರಿ. ಅದು ಹೇಳದಿದ್ದರೆ 3,000 ಹೇಳಿದರೂ ಅವರು ಮತ್ತೆ ಆಪ್ ತೆರೆದು ನೋಡುತ್ತಾರೆ.

ಶಿರಿಯಾ ಹೊಳೆಬದಿ

ಎಲ್ಲರಿಗೂ ಧನ್ಯವಾದ. ಹೀಗೆ ಬದಲಿಸಿ ಕಳುಹಿಸಿದೆ:

"ನಮಸ್ಕಾರ, ಎಲ್ಲರೂ ಸೌಖ್ಯವೇ? ಕ್ರಿಸ್ಮಸ್ ವಾರಕ್ಕೆ ಕೇಳುವವರು ಹೆಚ್ಚಾಗಿರುವುದರಿಂದ ಡಿಸೆಂಬರ್ 24ರಿಂದ ಜನವರಿ 1ರ ತನಕ ಆಪ್‌ನಲ್ಲಿ 4,000 ಇಟ್ಟಿದ್ದೇವೆ. ನೀವು ನೇರವಾಗಿ ನಮಗೇ ಹೇಳುವುದರಿಂದ ಕಮಿಷನ್ ಇಲ್ಲ, ಹಾಗಾಗಿ ನಿಮಗೆ ಈ ವರ್ಷ 3,000, ಮುಂದಿನ ವರ್ಷ 3,280. ಉಳಿದ ತಿಂಗಳುಗಳಲ್ಲಿ ಎಂದಿನ 2,500. ಅಕ್ಟೋಬರ್ 31ರ ತನಕ ಆ ವಾರದ ಎರಡು ಕೊಠಡಿಗಳನ್ನು ಹಳಬರಿಗೆಂದೇ ತೆಗೆದಿರಿಸಿದ್ದೇವೆ. ಬರುವುದಾದರೆ ಅಷ್ಟರೊಳಗೆ ಒಂದು ಮಾತು ತಿಳಿಸಿ."

ಮೈಸೂರಿನವರಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ, ಬೇರೆಯಾಗಿ ಬರೆದೆ. ಆಪ್‌ನಲ್ಲಿ ಕಡಿಮೆ ಕಂಡದ್ದು ನಿಜವೆಂದೂ, ಅದು ನನಗೆ ಗೊತ್ತಿಲ್ಲದೆ ಆದದ್ದೆಂದೂ, ನಿಮಗೆ ಹೆಚ್ಚು ಹೇಳಿದ್ದು ನನ್ನ ತಪ್ಪೆಂದೂ ಬರೆದೆ. ದಾರಂದದ ಆರು ಗೆರೆಗಳ ಒಂದು ಚಿತ್ರವನ್ನೂ ಕಳುಹಿಸಿದೆ.

ಟ್ಯಾಕ್ಸಿ, ಉಪ್ಪಳ

ಚಿತ್ರ ಕಳುಹಿಸಿದ್ದು ಒಳ್ಳೆಯದಾಯಿತು ಅಕ್ಕ. ಅವರು ಬಂದರೆ ರೈಲು ನಿಲ್ದಾಣದಿಂದ ಕರೆತರಲು ನನಗೇ ಹೇಳಿ.

ಶಿರಿಯಾ ಹೊಳೆಬದಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹದಿನಾಲ್ಕು ಕುಟುಂಬಗಳಿಗೆ ಕಳುಹಿಸಿದ್ದೆ. ಐವರು ಮುಂಗಡ ಕೊಟ್ಟಿದ್ದಾರೆ, ಒಟ್ಟು ಒಂಬತ್ತು ಕೊಠಡಿ-ರಾತ್ರಿ. ಒಬ್ಬರು 3,000 ಕೂಡ ಹೆಚ್ಚಾಯಿತು ಎಂದರು, ಅವರಿಗೆ 22ಕ್ಕೆ ಬಂದು 24ರ ಬೆಳಿಗ್ಗೆ ಹೊರಡುವಂತೆ 2,500ಕ್ಕೆ ಹೇಳಿದ್ದೇನೆ, ಯೋಚಿಸುತ್ತಿದ್ದಾರೆ. ನಾಲ್ವರಿಂದ ಉತ್ತರವೇ ಇಲ್ಲ.

ಮೈಸೂರಿನವರು ನಿನ್ನೆ ರಾತ್ರಿ ಬರೆದಿದ್ದಾರೆ. ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ, ಡಿಸೆಂಬರಿನಲ್ಲಿ ಎಲ್ಲಿಗೂ ಹೋಗುವಂತಿಲ್ಲವಂತೆ. "ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು ವಾರ ಮೂಲೆಯ ಕೊಠಡಿ ಸಿಗುವುದೇ? ದರ ಈಗಲೇ ಹೇಳಿಬಿಡಿ ಅಕ್ಕ" ಎಂದಿದ್ದಾರೆ. ಬೇಸಗೆ ರಜೆಗೆ ನಾನು ಇನ್ನೂ ದರವನ್ನೇ ಗೊತ್ತು ಮಾಡಿಲ್ಲ. ಉದುಮದವರೇ, ಏಪ್ರಿಲ್ ಎರಡನೇ ವಾರಕ್ಕೆ ನಿಮ್ಮ ನೋಟ್‌ಬುಕ್ ಏನು ಹೇಳುತ್ತದೆ? ಇವತ್ತು ಸಂಜೆಯೊಳಗೆ ಅವರಿಗೆ ಉತ್ತರ ಕೊಡಬೇಕು.

ಉದುಮ ನಾಲ್ಕು ಕೊಠಡಿ

ವಿಷುವಿನ ಎರಡು ಮೂರು ದಿನ ಬಿಟ್ಟರೆ ಆ ವಾರ ನನ್ನಲ್ಲಿ ಒಮ್ಮೆಯೂ ಪೂರ್ತಿ ತುಂಬಿಲ್ಲ. 2,500 ಎಂದೇ ಬರೆಯಿರಿ, ಏಳು ರಾತ್ರಿಗೂ.